ಮುಂಗಡಕ್ಕೆ ಮೊದಲು ಕಾಗದ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಹೀಗೊಂದು ಮಾತುಕತೆ ನಡೆಯುತ್ತದೆ. ಎರಡು ಬೆಡ್‌ರೂಮಿನ ಮನೆ. ಹದಿಮೂರು ವರ್ಷ ಹಳೆಯದಾದರೂ ಗಾಳಿ ಬೆಳಕು ಚೆನ್ನಾಗಿದೆ, ಮಕ್ಕಳ ಶಾಲೆ ಹತ್ತಿರ. ಒಡತಿ ಕಾಫಿ ಕೊಟ್ಟಿದ್ದಾರೆ, ಬೆಲೆ 80 ಲಕ್ಷಕ್ಕೆ ಬಂದು ನಿಂತಿದೆ. ಆಗ ಬ್ರೋಕರ್ ದನಿ ತಗ್ಗಿಸಿ ಹೇಳುತ್ತಾನೆ: "ಸರ್, ಪೇಪರ್ ಎಲ್ಲಾ ಕ್ಲಿಯರ್ ಇದೆ. ಇವತ್ತೇ ಒಂದು ಲಕ್ಷ ಟೋಕನ್ ಕೊಟ್ಬಿಡಿ. ಸಂಜೆ ಇನ್ನೊಂದು ಪಾರ್ಟಿ ಬರ್ತಿದಾರೆ."

ಕೊಳ್ಳುವವರು ಎಡವುವುದು ಇಲ್ಲೇ. ಟೋಕನ್ ಕೊಟ್ಟ ಮೇಲೆ ಕಾಗದ ಕೇಳಿದರೆ ಒಂದೊಂದಾಗಿ, ತಿಂಗಳುಗಟ್ಟಲೆ ತಡವಾಗಿ ಬರುತ್ತವೆ. ಅಷ್ಟರಲ್ಲಿ ನಮ್ಮ ದುಡ್ಡು ಅವರ ಕೈಯಲ್ಲಿರುತ್ತದೆ. ತೊಡಕು ಕಂಡರೂ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಆದ್ದರಿಂದ ಕೇಳುವ ಹೊತ್ತು ಮುಂಗಡಕ್ಕೆ ಮೊದಲಿನದೇ.

ಕೇಳಲು ಸಂಕೋಚ ಬೇಡ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ತನ್ನ ಬಳಿ ಇರುವ, ತಾನು ತರಿಸಿಕೊಡಬಹುದಾದ ಎಲ್ಲ ಹಕ್ಕುಪತ್ರಗಳನ್ನು ಕೊಳ್ಳುವವರು ಕೇಳಿದರೆ ಪರಿಶೀಲನೆಗೆ ಒದಗಿಸುವುದು ಮಾರುವವರ ಹೊಣೆ. ಆದರೆ ಆ ಮಾತಿನಲ್ಲಿ 'ಕೇಳಿದರೆ' ಎಂದಿದೆ. ಕೇಳುವ ಕೆಲಸ ನಮ್ಮದು.

ಏನೇನು ಕೇಳಬೇಕು ಎಂಬ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಆದರೆ ಪ್ರತಿ ಕಾಗದವೂ ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳುತ್ತದೆ, ಉಳಿದವುಗಳ ಬಗ್ಗೆ ಬಾಯಿ ಬಿಡುವುದಿಲ್ಲ. ಯಾವುದು ಏನನ್ನು ಹೇಳುವುದಿಲ್ಲ ಎಂದು ತಿಳಿದರೆ ಮುಂದಿನ ಕಾಗದ ಯಾಕೆ ಬೇಕೆಂಬುದು ತಾನಾಗಿ ಹೊಳೆಯುತ್ತದೆ. ಮೇಲೆ ಹೇಳಿದ ಮನೆಯನ್ನೇ ಉದಾಹರಣೆಗೆ ಇಟ್ಟುಕೊಂಡು ನೋಡೋಣ.

ಮೊದಲು ಮೂಲ ಕ್ರಯಪತ್ರ

ಈ ಮನೆಯನ್ನು ಒಡತಿಯ ಯಜಮಾನರು 2012ರಲ್ಲಿ ಬಿಲ್ಡರ್‌ನಿಂದ ಕೊಂಡರು ಎಂದಿಟ್ಟುಕೊಳ್ಳಿ. ನಾವು ಮೊದಲು ಕೇಳಬೇಕಾದ್ದು ಆ ನೋಂದಾಯಿತ ಕ್ರಯಪತ್ರದ ಅಸಲು. ಜೆರಾಕ್ಸ್ ಓದಿಕೊಳ್ಳಲು ಸಾಕು, ಅಸಲು ಮಾತ್ರ ಕಣ್ಣಿಗೆ ಬೀಳಲೇಬೇಕು. ಅದು ಮನೆಯಲ್ಲಿಲ್ಲ ಎಂದರೆ ಎಲ್ಲಿದೆ ಎಂಬುದೇ ಮುಂದಿನ ಪ್ರಶ್ನೆ. ಸಾಮಾನ್ಯವಾಗಿ ಅದು ಸಾಲ ಕೊಟ್ಟ ಬ್ಯಾಂಕಿನಲ್ಲಿರುತ್ತದೆ. ಕಳೆದುಹೋಗಿದೆ ಎಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಿ. ಪೊಲೀಸ್ ದೂರು, ಪತ್ರಿಕಾ ಪ್ರಕಟಣೆ, ಸಬ್ ರಿಜಿಸ್ಟ್ರಾರ್ ಕಚೇರಿಯ ದೃಢೀಕೃತ ನಕಲು ಇವೆಲ್ಲ ಕೈಗೆ ಬರುವತನಕ ದುಡ್ಡಿನ ಮಾತು ಬೇಡ. ಕಳೆದಿದೆ ಎನ್ನುವ ಪತ್ರ ಯಾರದೋ ಬಳಿ ಕೈಸಾಲಕ್ಕೆ ಅಡವಾಗಿ ಕೂತಿರಬಹುದು.

ಕ್ರಯಪತ್ರ ಸಿಕ್ಕಿದ ಮೇಲೆ ಅದರ ಕೊನೆಯ ಪುಟಗಳಿಂದ ಓದಲು ಶುರು ಮಾಡಿ. ಅಲ್ಲಿ ಷೆಡ್ಯೂಲ್‌ಗಳಿರುತ್ತವೆ. ಸಾಮಾನ್ಯವಾಗಿ 'ಎ' ಷೆಡ್ಯೂಲಿನಲ್ಲಿ ಕಟ್ಟಡ ನಿಂತ ಇಡೀ ಜಾಗದ ಅಳತೆ ಮತ್ತು ಚಕ್ಕುಬಂದಿ, 'ಬಿ'ಯಲ್ಲಿ ಆ ಜಾಗದಲ್ಲಿ ಈ ಮನೆಗೆ ಬಂದ ಅವಿಭಾಜ್ಯ ಹಿಸ್ಸೆ, 'ಸಿ'ಯಲ್ಲಿ ಮನೆಯ ನಂಬರ್, ಮಹಡಿ, ವಿಸ್ತೀರ್ಣ ಮತ್ತು ಪಾರ್ಕಿಂಗ್ ಇರುತ್ತವೆ. ನಮ್ಮ ಉದಾಹರಣೆಯಲ್ಲಿ ಜಾಗ 8,200 ಚದರಡಿ, ಮನೆಗಳು 20, ಈ ಮನೆಯ ಹಿಸ್ಸೆ 410 ಚದರಡಿ. ಎಲ್ಲ ಮನೆಗಳೂ ಒಂದೇ ಅಳತೆಯವಾದರೆ 20ನ್ನು 410ರಿಂದ ಗುಣಿಸಿದಾಗ 8,200 ಬರಬೇಕು, ಬಂದಿದೆ. ಇದು ಸಣ್ಣ ಲೆಕ್ಕ, ಆದರೆ ಮುಂದೆ ಕಟ್ಟಡ ಹಳೆಯದಾಗಿ ಕೆಡವಿ ಕಟ್ಟುವ ದಿನ ಬಂದಾಗ ನಿಮ್ಮದೆಂದು ಉಳಿಯುವುದು ಈ 410 ಚದರಡಿ ಮಣ್ಣು. ಲೆಕ್ಕ ಕೂಡದಿದ್ದರೆ ಉಳಿದ ಹಿಸ್ಸೆ ಯಾರ ಹೆಸರಿನಲ್ಲಿದೆ ಎಂದು ಕೇಳಿ.

ಬಿಲ್ಡರ್‌ಗೆ ಆ ಜಾಗ ಎಲ್ಲಿಂದ ಬಂತು ಎಂಬುದಕ್ಕೆ ಮೂಲ ಪತ್ರಗಳ ನಕಲು ಬೇಕು. ಜಾಗದ ಹಿಂದಿನ ಕ್ರಯಪತ್ರ, ಕೃಷಿ ಭೂಮಿಯಾಗಿದ್ದರೆ ಪರಿವರ್ತನೆ ಆದೇಶ, ಜಾಗದ ಮಾಲೀಕರು ಬಿಲ್ಡರ್ ಜೊತೆ ಜಂಟಿ ಅಭಿವೃದ್ಧಿ ಒಪ್ಪಂದ ಮಾಡಿಕೊಂಡಿದ್ದರೆ ಅದು, ಮತ್ತು ಅದರ ಜೊತೆಗಿನ ಜಿಪಿಎ. ಮನೆ ಮಾರಿದವರ ಸಹಿ ಯಾವ ಅಧಿಕಾರದಿಂದ ಬಂತೆಂದು ಇವುಗಳಿಂದ ತಿಳಿಯುತ್ತದೆ. ಕ್ರಯಪತ್ರವೇ ಇಲ್ಲದೆ ಜಿಪಿಎ ಮತ್ತು ಒಪ್ಪಂದಪತ್ರ ಮಾತ್ರ ತೋರಿಸಿ ಇದೇ ಹಕ್ಕುಪತ್ರ ಎಂದರೆ ಒಪ್ಪಬೇಡಿ. ಅಂಥ ಮಾರಾಟದಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಇ.ಸಿ. ಹೇಳುವುದೂ ಹೇಳದಿರುವುದೂ

ಎರಡನೆಯದು ಋಣಭಾರ ಪ್ರಮಾಣಪತ್ರ, ಎಲ್ಲರ ಬಾಯಲ್ಲೂ ಇ.ಸಿ. ಆ ಸ್ವತ್ತಿನ ಮೇಲೆ ನೋಂದಣಿಯಾದ ಮಾರಾಟ, ದಾನ, ವಿಭಾಗ, ಅಡಮಾನಗಳ ಪಟ್ಟಿ ಅದು. ವ್ಯವಹಾರಗಳಿದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ. ಮಾರುವವರು ಕೊಟ್ಟದ್ದನ್ನು ಇಟ್ಟುಕೊಳ್ಳಿ, ಜೊತೆಗೆ ಕಾವೇರಿ ಜಾಲತಾಣದಲ್ಲಿ ನೀವೇ ಒಂದನ್ನು ತೆಗೆಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮನೆಗೆ ಒಂದು ಇ.ಸಿ., ಇಡೀ ಜಾಗಕ್ಕೆ ಇನ್ನೊಂದು ಬೇಕು. ಬಿಲ್ಡರ್ ಜಾಗದ ಮೇಲೆ ಸಾಲ ಎತ್ತಿದ್ದರೆ ಅದು ಮನೆಯ ಇ.ಸಿ.ಯಲ್ಲಿ ಕಾಣದೆ ಜಾಗದ ಇ.ಸಿ.ಯಲ್ಲಿ ಕಾಣಬಹುದು.

ನಮ್ಮ ಉದಾಹರಣೆಯ ಇ.ಸಿ.ಯಲ್ಲಿ ಎರಡು ಸಾಲುಗಳಿವೆ: 2012ರ ಕ್ರಯ, ಅದೇ ತಿಂಗಳು ಬ್ಯಾಂಕಿಗೆ ಹಕ್ಕುಪತ್ರ ಒಪ್ಪಿಸಿದ ಅಡಮಾನ. ಆಮೇಲೆ ಏನೂ ಇಲ್ಲ. ಬ್ರೋಕರ್ ಇದನ್ನೇ ತೋರಿಸಿ ಕ್ಲಿಯರ್ ಎನ್ನುತ್ತಾನೆ. ಆದರೆ ಸರಿಯಾಗಿ ಓದಿದರೆ ಒಂದು ಸಾಲು ಕಾಣೆಯಾಗಿದೆ. ಅಡಮಾನ ಬಿಡುಗಡೆಯಾದ ನಮೂದು ಇಲ್ಲ. ಅಂದರೆ ಸಾಲ ಇನ್ನೂ ಇದೆ, ಇಲ್ಲವೇ ತೀರಿದರೂ ಬಿಡುಗಡೆ ಪತ್ರ ನೋಂದಣಿ ಮಾಡಿಸಿಲ್ಲ.

ಇನ್ನು ಇ.ಸಿ.ಗೆ ಕಾಣದ ಸಂಗತಿಗಳು. ನೋಂದಣಿಯಾಗದ ಒಪ್ಪಂದ ಅದರಲ್ಲಿ ಬರುವುದಿಲ್ಲ. ಹಕ್ಕುಪತ್ರವನ್ನು ಬ್ಯಾಂಕಿಗೆ ಕೊಟ್ಟು ಸುಮ್ಮನೆ ಪಡೆದ ಸಾಲ ಬಾರದಿರಬಹುದು. ಇದಕ್ಕಾಗಿಯೇ ಸೆರ್ಸಾಯ್ ಎಂಬ ಕೇಂದ್ರ ದಾಖಲೆ 2011ರಿಂದ ಇದೆ. ಸಣ್ಣ ಶುಲ್ಕ ಕಟ್ಟಿ ಅಲ್ಲೂ ಸ್ವತ್ತಿನ ಮೇಲಿನ ಅಡಮಾನವನ್ನು ಹುಡುಕಬಹುದು. ನ್ಯಾಯಾಲಯದಲ್ಲಿರುವ ದಾವೆಯೂ ಇ.ಸಿ.ಯಲ್ಲಿ ಕಾಣಬೇಕೆಂದಿಲ್ಲ. ಆದ್ದರಿಂದ ಮಾರುವವರ ಮತ್ತು ಬಿಲ್ಡರ್ ಹೆಸರಿನಲ್ಲಿ ಇ-ಕೋರ್ಟ್ಸ್ ತಾಣದಲ್ಲಿ ಒಮ್ಮೆ ಹುಡುಕಿಸಿ. ಇವೆಲ್ಲಕ್ಕಿಂತ ದೊಡ್ಡ ಕುರುಡು ಬೇರೊಂದಿದೆ. ಮಾಲೀಕರ ಸಾವು ಇ.ಸಿ.ಯಲ್ಲಿ ಬರುವುದಿಲ್ಲ.

ಸಹಿ ಮಾಡಬೇಕಾದವರು ಯಾರು?

ನಮ್ಮ ಒಡತಿಯ ಯಜಮಾನರು 2019ರಲ್ಲಿ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಮೇಲೆ ಖಾತಾ ಒಡತಿಯ ಹೆಸರಿಗೆ ಆಯಿತು, ತೆರಿಗೆ ಅವರೇ ಕಟ್ಟುತ್ತಾ ಬಂದಿದ್ದಾರೆ, ಗೃಹಸಾಲದಲ್ಲೂ ಅವರ ಸಹಿ ಇತ್ತು. ನೋಡಿದವರೆಲ್ಲ ಅವರೇ ಮಾಲೀಕರು ಎನ್ನುತ್ತಾರೆ. ಆದರೆ ಖಾತಾ ಎಂದರೆ ತೆರಿಗೆ ಯಾರು ಕಟ್ಟಬೇಕೆಂಬ ದಾಖಲೆ, ಒಡೆತನದ ಪತ್ರವಲ್ಲ. ಸಾಲಕ್ಕೆ ಸಹಿ ಹಾಕಿದ ಮಾತ್ರಕ್ಕೂ ಹಿಸ್ಸೆ ಬರುವುದಿಲ್ಲ. ಕ್ರಯಪತ್ರದಲ್ಲಿ ಯಜಮಾನರ ಹೆಸರೊಂದೇ ಇತ್ತು.

ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಉಯಿಲಿಲ್ಲದೆ ತೀರಿಕೊಂಡ ಗಂಡಸಿನ ಸ್ವಂತ ಆಸ್ತಿ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು ಮತ್ತು ತಾಯಿಗೆ ಸಮನಾಗಿ ಹೋಗುತ್ತದೆ. ತಾಯಿಯನ್ನು ಮರೆಯುವವರೇ ಹೆಚ್ಚು. ಇಲ್ಲಿ ಹೆಂಡತಿ, 24 ವರ್ಷದ ಮಗಳು, 16 ವರ್ಷದ ಮಗ ಮತ್ತು ಯಜಮಾನರ ತಾಯಿ, ಒಟ್ಟು ನಾಲ್ವರು. ತಲೆಗೆ ನಾಲ್ಕನೇ ಒಂದು ಪಾಲು, 80 ಲಕ್ಷದ ಮನೆಯಲ್ಲಿ 20 ಲಕ್ಷ.

ತಾಯಿ 2022ರಲ್ಲಿ ತೀರಿಕೊಂಡರು, ಅವರ ಗಂಡ ಮೊದಲೇ ಹೋಗಿದ್ದರು. ಈಗ ಅವರ ಪಾಲು ಅವರ ಮಕ್ಕಳ ಕಡೆಗೆ ಇಳಿಯುತ್ತದೆ. ಉಳಿದಿರುವ ಒಬ್ಬ ಮಗಳು, ಅಂದರೆ ನಮ್ಮ ಒಡತಿಯ ನಾದಿನಿ, ಅದರಲ್ಲಿ ಅರ್ಧ ಪಡೆಯುತ್ತಾರೆ. ತೀರಿಹೋದ ಮಗನ ಅರ್ಧ ಅವನ ಇಬ್ಬರು ಮಕ್ಕಳಿಗೆ ಹೋಗುತ್ತದೆ. ಹೀಗೆ ಈ ಮನೆಯಲ್ಲಿ ಒಂದು ದಿನವೂ ವಾಸಿಸದ, ಬೇರೆ ಊರಲ್ಲಿರುವ ನಾದಿನಿ ಎಂಟನೇ ಒಂದು ಪಾಲಿನ, ಅಂದರೆ 10 ಲಕ್ಷ ರೂಪಾಯಿ ಬೆಲೆಯ ಹಿಸ್ಸೆಯ ಒಡತಿ. ಅವರ ಸಹಿ ಇಲ್ಲದೆ ನೋಂದಣಿ ಮಾಡಿಸಿಕೊಂಡರೆ ಆ ಎಂಟನೇ ಒಂದು ಭಾಗ ನಿಮಗೆ ಬರುವುದಿಲ್ಲ. ಐದು ವರ್ಷದ ನಂತರ ಅವರು ವಿಭಾಗ ದಾವೆ ಹಾಕಿದರೆ ಉತ್ತರ ಹೇಳಬೇಕಾದವರು ನೀವು.

16 ವರ್ಷದ ಮಗನದು ಇನ್ನೊಂದು ವಿಷಯ. ಅಪ್ರಾಪ್ತರ ಸ್ಥಿರಾಸ್ತಿಯನ್ನು ತಾಯಿಯಾದರೂ ಜಿಲ್ಲಾ ನ್ಯಾಯಾಲಯದ ಅನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದರೆ ಅವನು ಪ್ರಾಪ್ತನಾದ ಮೇಲೆ ಮೂರು ವರ್ಷದೊಳಗೆ ಅದನ್ನು ರದ್ದು ಮಾಡಿಸಲು ಕೇಳಬಹುದು.

ಆದ್ದರಿಂದ ಮಾರುವವರಿಗೆ ಸ್ವತ್ತು ವಾರಸುದಾರಿಕೆಯಿಂದ ಬಂದಿದ್ದರೆ ಮರಣ ಪ್ರಮಾಣಪತ್ರ ಮತ್ತು ಕಂದಾಯ ಇಲಾಖೆಯ ವಂಶವೃಕ್ಷ ಕೇಳಿ. ವಂಶವೃಕ್ಷ ತೀರಿಕೊಂಡವರ ಹೆಂಡತಿ ಮಕ್ಕಳಿಂದ ಶುರುವಾದರೆ ಸಾಲದು. ಅವರ ತಂದೆ ತಾಯಿಯಿಂದ, ಒಂದು ತಲೆ ಮೇಲಿನಿಂದ ಇರಬೇಕು. ಉಯಿಲಿದೆ ಎಂದರೆ ಅದರ ಅಸಲನ್ನು ನೋಡಿ. ಕುಟುಂಬದಲ್ಲಿ ಯಾರಾದರೂ ತಮ್ಮ ಪಾಲು ಬಿಟ್ಟುಕೊಟ್ಟಿದ್ದಾರೆ ಎಂದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇರಬೇಕು. "ನಮ್ಮ ನಾದಿನಿ ಏನೂ ಕೇಳೋದಿಲ್ಲ" ಎಂಬ ಬಾಯಿಮಾತು ಎಷ್ಟೇ ಪ್ರಾಮಾಣಿಕವಾಗಿದ್ದರೂ ಪತ್ರವಾಗುವುದಿಲ್ಲ.

ಮಾಲೀಕರು ಬದುಕಿದ್ದು ವಿದೇಶದಲ್ಲಿದ್ದರೆ, ಅವರ ಪರವಾಗಿ ಸಹಿ ಮಾಡುವವರ ಬಳಿ ಈ ಮನೆಯನ್ನು ಮಾರಲು, ಹಣ ಪಡೆಯಲು ಅಧಿಕಾರವೆಂದು ಬಿಡಿಸಿ ಬರೆದ ಪವರ್ ಆಫ್ ಅಟಾರ್ನಿ ಇರಬೇಕು. ಕೊಟ್ಟವರು ತೀರಿಕೊಂಡರೆ ಅದಕ್ಕೆ ಬೆಲೆಯಿಲ್ಲ. ಮುಂಗಡದ ದಿನ ಮಾಲೀಕರೊಡನೆ ವಿಡಿಯೊ ಕರೆಯಲ್ಲಿ ಒಮ್ಮೆ ಮಾತಾಡುವುದು ಇದೇ ಕಾರಣಕ್ಕೆ.

ಸಾಲವಿದ್ದರೆ ಎರಡು ಪತ್ರ

ಗೃಹಸಾಲ ಇರುವ ಮನೆ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಬ್ಯಾಂಕಿನಿಂದ ಎರಡು ಪತ್ರ ಬೇಕು. ತಮ್ಮ ಬಳಿ ಯಾವ ಯಾವ ಅಸಲು ಪತ್ರಗಳಿವೆ ಎಂಬ ಪಟ್ಟಿ ಒಂದು, ಸಾಲ ತೀರಿಸಲು ಇಂಥ ದಿನಕ್ಕೆ ಇಷ್ಟು ಕಟ್ಟಬೇಕು ಎಂಬ ಫೋರ್‌ಕ್ಲೋಷರ್ ಪತ್ರ ಇನ್ನೊಂದು. ಪಟ್ಟಿಯಲ್ಲಿ 2012ರ ಕ್ರಯಪತ್ರದ ನಂಬರ್ ಇದ್ದು ಅದು ಇ.ಸಿ.ಯ ನಂಬರಿಗೆ ತಾಳೆಯಾದರೆ ಅಸಲು ಎಲ್ಲಿದೆ ಎಂಬ ಪ್ರಶ್ನೆ ಮುಗಿಯಿತು.

ಬಾಕಿ 14 ಲಕ್ಷ ಎಂದಿದೆ ಎನ್ನಿ. "ಆ ದುಡ್ಡು ನೀವು ಕೊಡಿ, ನಾನು ಬ್ಯಾಂಕಿಗೆ ಕಟ್ಟಿ ಪೇಪರ್ ತರ್ತೀನಿ" ಎಂದರೆ ಒಪ್ಪಬೇಡಿ. 14 ಲಕ್ಷ ನೇರವಾಗಿ ಆ ಸಾಲದ ಖಾತೆಗೇ ಹೋಗಬೇಕು. ನೀವು ಗೃಹಸಾಲ ಪಡೆಯುತ್ತಿದ್ದರೆ ನಿಮ್ಮ ಬ್ಯಾಂಕೇ ಅವರ ಬ್ಯಾಂಕಿಗೆ ಕೊಡುವ ಏರ್ಪಾಟು ಮಾಡುತ್ತದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಅಸಲು ಪತ್ರಗಳನ್ನು ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಆದೇಶಿಸಿದೆ. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಹೀಗಾಗಿ ನಿಮ್ಮ ಒಪ್ಪಂದದ ಗಡುವಿಗೆ ಕನಿಷ್ಠ ಈ ಒಂದು ತಿಂಗಳನ್ನು ಸೇರಿಸಿಕೊಳ್ಳಿ.

ಸಾಲ ತೀರಿಹೋಗಿದೆ ಎನ್ನುವ ಮನೆಯಾದರೆ ಬ್ಯಾಂಕಿನ ನೋ ಡ್ಯೂಸ್ ಪತ್ರ ಮತ್ತು ನೋಂದಣಿಯಾದ ಅಡಮಾನ ಬಿಡುಗಡೆ ಎರಡನ್ನೂ ಕೇಳಿ.

ಕಟ್ಟಡದ ಕಾಗದ

ಮನೆ ಮಾರುವವರದೇ ಎಂದು ಗೊತ್ತಾದ ಮೇಲೂ ಕಟ್ಟಡ ಕಾನೂನಿನಂತೆ ನಿಂತಿದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಮಂಜೂರಾದ ನಕ್ಷೆ ಮತ್ತು ಸ್ವಾಧೀನಾನುಭವ ಪತ್ರ, ಅಂದರೆ ಓ.ಸಿ. ಬೇಕು. ಓ.ಸಿ.ಯಲ್ಲಿ ಎಷ್ಟು ಮಹಡಿ, ಎಷ್ಟು ಮನೆ ಎಂದು ಬರೆದಿರುತ್ತದೆ. ಅದನ್ನು ಹಿಡಿದು ಕೆಳಗೆ ರಸ್ತೆಯಲ್ಲಿ ನಿಂತು ಮಹಡಿ ಎಣಿಸಿ. ನಕ್ಷೆಯಲ್ಲಿ ಪಾರ್ಕಿಂಗ್ ಮೇಲೆ ಮೂರು ಮಹಡಿ, 15 ಮನೆ ಎಂದಿದ್ದು ಕಣ್ಣೆದುರು ನಾಲ್ಕು ಮಹಡಿ, 20 ಮನೆ ನಿಂತಿದ್ದರೆ ಮೇಲಿನ ಮಹಡಿ ಅನುಮತಿ ಇಲ್ಲದ್ದು. ನಿಮ್ಮ ಮನೆ ಆ ಮಹಡಿಯಲ್ಲಿದ್ದರೆ ಅಲ್ಲಿಗೇ ಕೈಬಿಡಿ. ಕೆಳಗಿದ್ದರೂ ಇಡೀ ಕಟ್ಟಡಕ್ಕೆ ಓ.ಸಿ. ಸಿಗದೆ ಒದ್ದಾಡುವವರಲ್ಲಿ ನೀವೂ ಒಬ್ಬರಾಗುತ್ತೀರಿ. ಓ.ಸಿ. ನೋಡಿಯೇ ಸಾಲ ಕೊಡಬೇಕು, ನೀರು ವಿದ್ಯುತ್ ಸಂಪರ್ಕವೂ ಅದಾದ ಮೇಲೆಯೇ ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದೆ. ಹಾಗಾಗಿ ಓ.ಸಿ. ಇಲ್ಲದ ಮನೆಯನ್ನು ನೀವು ನಾಳೆ ಮಾರಹೊರಟಾಗಲೂ ಕೊಳ್ಳುವವರಿಗೆ ಸಾಲ ಸಿಗುವುದು ಕಷ್ಟ.

ಖಾತಾ ಒಡೆತನದ ಪತ್ರವಲ್ಲ ಎಂದೆ. ಆದರೂ ಅದು ಬೇಕೇ ಬೇಕು. 2024ರ ಕೊನೆಯ ತಿಂಗಳುಗಳಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ಕ್ರಯ ನೋಂದಣಿ ನಡೆಯುವುದಿಲ್ಲ. "ಅಪ್ಲೈ ಮಾಡಿದೀವಿ, ಬರುತ್ತೆ" ಎಂದರೆ ಬಂದ ಮೇಲೇ ಮುಂಗಡ. ಎ ಖಾತಾವೋ ಬಿ ಖಾತಾವೋ ನೋಡಿ, ಬಿ ಆಗಿದ್ದರೆ ಅನೇಕ ಬ್ಯಾಂಕುಗಳು ಸಾಲಕ್ಕೆ ಹಿಂಜರಿಯುತ್ತವೆ. ಇ-ಖಾತಾದಲ್ಲಿರುವ ಹೆಸರು, ಮನೆ ನಂಬರ್, ಅಳತೆಗಳು ಕ್ರಯಪತ್ರದೊಂದಿಗೆ ಅಕ್ಷರಶಃ ಕೂಡಬೇಕು. ಜೊತೆಗೆ ಈ ವರ್ಷದವರೆಗಿನ ತೆರಿಗೆ ರಸೀದಿ ಇರಲಿ.

ಕೊನೆಗೆ ಅಪಾರ್ಟ್‌ಮೆಂಟ್ ಸಂಘದ ಪತ್ರ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಗೆ ಒಳಪಟ್ಟ ಕಟ್ಟಡಗಳಲ್ಲಿ ಹಿಂದಿನ ಮಾಲೀಕರ ನಿರ್ವಹಣಾ ಬಾಕಿಗೆ ಕೊಂಡವರೂ ಜವಾಬ್ದಾರರು. ಆದರೆ ಬಾಕಿ ಇಷ್ಟೇ ಎಂದು ಸಂಘದಿಂದ ಬರೆಸಿಕೊಂಡರೆ ಅದಕ್ಕಿಂತ ಹೆಚ್ಚಿನದನ್ನು ನಿಮ್ಮಿಂದ ಕೇಳುವಂತಿಲ್ಲ. ಅದೇ ಪತ್ರದಲ್ಲಿ ಪಾರ್ಕಿಂಗ್ ಜಾಗ ಯಾವುದೆಂದು ನಮೂದಿಸಲು ಹೇಳಿ, ಅದು ಕ್ರಯಪತ್ರಕ್ಕೆ ಹೊಂದುತ್ತದೆಯೇ ನೋಡಿ. ಕೆಳಗೆ ಹೋಗಿ ಆ ಜಾಗದಲ್ಲಿ ಯಾರ ಕಾರಿದೆ ಎಂದೂ ನೋಡಿ ಬನ್ನಿ.

ಮುಂಗಡ ಕೊಡುವ ರೀತಿ

ಈ ಪತ್ರಗಳ ನಕಲನ್ನು ವಕೀಲರಿಗೆ ಕೊಟ್ಟು ಲಿಖಿತ ಅಭಿಪ್ರಾಯ ಪಡೆಯಿರಿ. ನಿಮ್ಮ ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಸಾಲಕ್ಕೆ ಭದ್ರತೆ ಇದೆಯೇ ಎಂದು. ನಿಮ್ಮ ಪರವಾಗಿ ನೋಡುವವರು ಬೇರೆಯೇ ಇರಬೇಕು. ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಹೆಚ್ಚು ನಗದಿನಲ್ಲಿ ಪಡೆಯುವಂತಿಲ್ಲ, ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಆದ್ದರಿಂದ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಶೇ. 1ರಷ್ಟು ಟಿಡಿಎಸ್ ಮುರಿದುಕೊಳ್ಳುವುದು ಕೊಳ್ಳುವವರ ಹೊಣೆ, ಮುಂಗಡಕ್ಕೂ ಅನ್ವಯ. ಮಾರುವವರು ಅನಿವಾಸಿಯಾದರೆ ದರವೂ ವಿಧಾನವೂ ಬೇರೆ, ಲೆಕ್ಕಪರಿಶೋಧಕರನ್ನು ಕೇಳಿಯೇ ಕೊಡಿ. ಹೀಗಾಗಿ ಪ್ಯಾನ್ ಕಾರ್ಡ್ ಕೂಡ ಪಟ್ಟಿಯಲ್ಲಿದೆ. ಮಾರುವವರು ನಾಲ್ವರಾದರೆ ನಾಲ್ವರದೂ ಬೇಕು.

ಕೈಯಲ್ಲಿಟ್ಟುಕೊಳ್ಳಲು ಪಟ್ಟಿ

1. ನೋಂದಾಯಿತ ಕ್ರಯಪತ್ರದ ಅಸಲು, ಜಾಗದ ಮೂಲ ಪತ್ರಗಳು
2. ಮನೆಗೂ ಜಾಗಕ್ಕೂ ಇ.ಸಿ., ಸೆರ್ಸಾಯ್ ಹುಡುಕಾಟದ ಪ್ರತಿ
3. ವಾರಸುದಾರಿಕೆ ಇದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಹಕ್ಕು ಬಿಡುಗಡೆ ಪತ್ರ, ಅಪ್ರಾಪ್ತರಿದ್ದರೆ ನ್ಯಾಯಾಲಯದ ಅನುಮತಿ
4. ಸಾಲವಿದ್ದರೆ ಬ್ಯಾಂಕಿನ ಪತ್ರಗಳ ಪಟ್ಟಿ, ಫೋರ್‌ಕ್ಲೋಷರ್ ಪತ್ರ. ತೀರಿದ್ದರೆ ನೋ ಡ್ಯೂಸ್ ಮತ್ತು ಅಡಮಾನ ಬಿಡುಗಡೆ
5. ಮಂಜೂರಾದ ನಕ್ಷೆ, ಓ.ಸಿ.
6. ಇ-ಖಾತಾ, ತೆರಿಗೆ ರಸೀದಿ
7. ಸಂಘದ ಬಾಕಿ ಪತ್ರ, ಕೊನೆಯ ವಿದ್ಯುತ್ ಮತ್ತು ನೀರಿನ ಬಿಲ್ಲು
8. ಮಾರುವ ಎಲ್ಲರ ಪ್ಯಾನ್, ಗುರುತಿನ ಚೀಟಿ, ಪ್ರತಿನಿಧಿ ಇದ್ದರೆ ಪವರ್ ಆಫ್ ಅಟಾರ್ನಿ

ಈಗ ಆ ಭಾನುವಾರಕ್ಕೆ ಹಿಂದಿರುಗೋಣ. ಒಡತಿ ಮೋಸಗಾರರಲ್ಲ. ಖಾತಾ ತಮ್ಮ ಹೆಸರಿಗೆ ಆದ ದಿನದಿಂದ ಮನೆ ತಮ್ಮದೇ ಎಂದು ಅವರೂ ನಂಬಿದ್ದರು. ಟೋಕನ್ ಕೊಟ್ಟಿದ್ದರೆ ಅವರದನ್ನು ಖರ್ಚು ಮಾಡಿರುತ್ತಿದ್ದರು, ಆಮೇಲೆ ವಕೀಲರು ನಾದಿನಿಯ ಹೆಸರೆತ್ತಿದಾಗ ಎರಡು ಮನೆಗಳಲ್ಲೂ ಜಗಳ ಶುರುವಾಗುತ್ತಿತ್ತು. ಅದರ ಬದಲು ನೀವು ಕಾಫಿ ಲೋಟ ಕೆಳಗಿಟ್ಟು ಹೀಗೆನ್ನಿ: "ಅಮ್ಮಾ, ಮನೆ ಇಷ್ಟವಾಗಿದೆ. ಈ ಪಟ್ಟಿಯ ಕಾಗದಗಳ ನಕಲು ಕೊಡಿ, ಹದಿನೈದು ದಿನದಲ್ಲಿ ಹೇಳ್ತೀವಿ." ವಂಶವೃಕ್ಷ ಕೈಗೆ ಬಂದಾಗ ನಾದಿನಿ ಹಕ್ಕು ಬಿಡುಗಡೆ ಮಾಡಿಕೊಡುತ್ತಾರೋ, ತಾವೂ ಮಾರಾಟಗಾರರಾಗಿ ಸಹಿ ಹಾಕುತ್ತಾರೋ ಅವರವರೇ ಮಾತಾಡಿಕೊಳ್ಳಲಿ. ಹುಡುಗನ ಪಾಲಿಗೆ ನ್ಯಾಯಾಲಯದ ಅನುಮತಿಗೆ ತಿಂಗಳುಗಳೇ ಹಿಡಿಯಬಹುದು. ಅಷ್ಟು ದಿನ ಕಾಯುವುದೋ ಬೇರೆ ಮನೆ ನೋಡುವುದೋ ಎಂದು ಆಗ ನೀವು ನಿಶ್ಚಿಂತೆಯಿಂದ ತೀರ್ಮಾನಿಸಬಹುದು, ಏಕೆಂದರೆ ಒಂದು ಲಕ್ಷ ರೂಪಾಯಿ ಇನ್ನೂ ನಿಮ್ಮ ಖಾತೆಯಲ್ಲೇ ಇದೆ.